ಸ್ನೇಹಿತರ ಸ್ಟಾರ್ಟಪ್‌ಗೆ ಮೊದಲ ಗ್ರಾಹಕರಾಗಿ ಬರೆಯುವ ನಾಲ್ಕು ಸಾಲು

ಸ್ನೇಹಿತರೊಬ್ಬರು ವರ್ಷಗಟ್ಟಲೆ ಕಟ್ಟಿದ ಉತ್ಪನ್ನವನ್ನು ಕೊನೆಗೂ ಬಿಡುಗಡೆ ಮಾಡಿದ್ದಾರೆ. ಪ್ರಕಟಣೆ ಹೊರಬಿದ್ದ ಮೇಲೆ ನಿಮಗೊಂದು ಸಂದೇಶ ಬರುತ್ತದೆ: "ನೀನು ಮೊದಲಿನಿಂದ ಬಳಸುತ್ತಿದ್ದೀಯಲ್ಲ, ಅಲ್ಲಿ ನಾಲ್ಕು ಸಾಲು ಬರೆಯುತ್ತೀಯಾ?" ಬರೆಯಲು ಮನಸ್ಸೂ ಇದೆ. ಆದರೆ ಕೈಗೆ ಬರುವುದು ಮಾತ್ರ "ಅದ್ಭುತ ಉತ್ಪನ್ನ, ಅದ್ಭುತ ತಂಡ, ಎಲ್ಲರೂ ಬಳಸಲೇಬೇಕು" ಎಂಬ ಸಾಲು. ಅದನ್ನು ಓದಿದವರು ಇವರು ಗೆಳೆಯರಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಅವರ ಊಹೆ ಸರಿಯಾಗಿಯೇ ಇರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಅಭಿನಂದನೆ ಸ್ನೇಹಿತರಿಗೆ ಸಲ್ಲಬೇಕಾದದ್ದು. ಅನುಭವದ ಮಾತು ಮಾತ್ರ ಕೊಳ್ಳಬೇಕೋ ಬೇಡವೋ ಎಂದು ತೂಗುತ್ತಿರುವ ಅಪರಿಚಿತರಿಗೆ ಸೇರಿದ್ದು. ಆ ಅಪರಿಚಿತರಿಗೆ ನಿಮ್ಮ ಗೆಳೆತನ ಬೇಕಿಲ್ಲ, ತಂಡ ಎಷ್ಟು ದುಡಿಯಿತು ಎಂಬುದೂ ಬೇಕಿಲ್ಲ. ಬರೆದವರು ತಮ್ಮಂಥವರೇ, ತಮ್ಮಂಥದೇ ತೊಂದರೆ ಅವರಿಗಿತ್ತೇ, ಅದು ಹೋಯಿತೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಅವರಿಗೆ ಸಾಕು. ಆದ್ದರಿಂದ ಅಭಿನಂದನೆಯನ್ನು ಫೋನಿನಲ್ಲಿಯೋ ಖಾಸಗಿ ಸಂದೇಶದಲ್ಲಿಯೋ ಮೊದಲು ಹೇಳಿ ಮುಗಿಸಿ. ಅದು ಮುಗಿದ ಮೇಲೆ ಬರೆಯಲು ಕುಳಿತರೆ ವಿಶೇಷಣಗಳ ಒತ್ತಡ ಅರ್ಧ ಕಡಿಮೆಯಾಗಿರುತ್ತದೆ.

ಬರೆಯುವ ಮೊದಲು: ನೀವು ನಿಜವಾಗಿ ಗ್ರಾಹಕರೇ?

ಸ್ನೇಹಿತರು ತೋರಿಸಿದಾಗ ಪರದೆಯ ಮೇಲೆ ನೋಡಿದ್ದೀರಿ, ಖಾತೆ ತೆರೆದು ಒಂದೆರಡು ಗುಂಡಿ ಒತ್ತಿದ್ದೀರಿ, ಅಷ್ಟೇ ಆಗಿದ್ದರೆ ನೀವು ಗ್ರಾಹಕರಲ್ಲ, ಹಿತೈಷಿಗಳು. ಹಿತೈಷಿಯಾಗಿ ಶುಭ ಹಾರೈಸುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಹಾರೈಕೆಗೆ ಅನುಭವದ ವೇಷ ತೊಡಿಸಬಾರದು. ಗ್ರಾಹಕರು ಎನ್ನಲು ನಾನು ಇಟ್ಟುಕೊಂಡಿರುವ ಅಳತೆ ಸರಳವಾದದ್ದು: ನಿಮ್ಮ ನಿಜವಾದ ಕೆಲಸಕ್ಕೆ ಅದನ್ನು ಬಳಸಿದ್ದೀರಾ, ಮತ್ತು ನಾಳೆ ಅದು ನಿಂತುಹೋದರೆ ನಿಮ್ಮ ದಿನಚರಿಯಲ್ಲಿ ಏನಾದರೂ ಏರುಪೇರಾಗುತ್ತದೆಯೇ? ಎರಡಕ್ಕೂ ಹೌದು ಎನ್ನುವಂತಿದ್ದರೆ ಬರೆಯಲು ನಿಮ್ಮ ಬಳಿ ವಿಷಯವಿದೆ.

ಬಳಸಿ ನೋಡಿ ಬಿಟ್ಟಿದ್ದರೆ ಏನು ಮಾಡಬೇಕು? ಬಿಟ್ಟ ಕಾರಣವನ್ನು ಸ್ನೇಹಿತರಿಗೆ ನೇರವಾಗಿ ತಿಳಿಸಿ. ಅದು ಅವರಿಗೆ ಹೊಗಳಿಕೆಗಿಂತ ಹೆಚ್ಚು ಉಪಯುಕ್ತ. ಬಹಿರಂಗವಾಗಿ ಬರೆಯದೆ ಇರುವುದೂ ಪ್ರಾಮಾಣಿಕವಾದ ಆಯ್ಕೆಯೇ. "ನಾನು ಈಗ ಬಳಸುತ್ತಿಲ್ಲ, ಹಾಗಾಗಿ ಗ್ರಾಹಕನಂತೆ ಬರೆಯಲಾರೆ. ಆದರೆ ಇದು ಬೇಕಾಗಬಹುದಾದ ಇಬ್ಬರಿಗೆ ಹೇಳುತ್ತೇನೆ" ಎಂದರೆ ಯಾವ ಸ್ನೇಹವೂ ಮುರಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕೆಲವು ಕಡೆ ಸ್ನೇಹಿತರು ಬಂದು ಬೆಂಬಲದ ಮಾತು ಬರೆಯುವುದೇ ನಿಷಿದ್ಧ. ತಂತ್ರಜ್ಞಾನದವರು ಸೇರುವ ಹ್ಯಾಕರ್ ನ್ಯೂಸ್ ಎಂಬ ಚರ್ಚಾ ತಾಣದಲ್ಲಿ ಹೊಸದನ್ನು ತೋರಿಸುವವರಿಗೆ, ಗೆಳೆಯರಿಂದ ಹೊಗಳಿಕೆ ಬರೆಸಬೇಡಿ ಎಂದೇ ಸೂಚನೆಯಿದೆ. ಅಲ್ಲಿನ ಓದುಗರು ಅದನ್ನು ತಕ್ಷಣ ಗುರುತಿಸುತ್ತಾರೆ, ಪೆಟ್ಟು ಬೀಳುವುದು ಸ್ನೇಹಿತರ ಹೆಸರಿಗೆ. ಪ್ರಕಟಣೆ ಎಲ್ಲಿದೆಯೋ ಅಲ್ಲಿನ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ನೆನಪಿನಿಂದ ಬರೆಯಬೇಡಿ, ದಾಖಲೆ ತೆರೆಯಿರಿ

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನೋಡೋಣ. ಫಿಸಿಯೋಥೆರಪಿಸ್ಟ್ ಒಬ್ಬರಿದ್ದಾರೆ ಎಂದುಕೊಳ್ಳಿ. ಚಿಕಿತ್ಸಾಲಯದಲ್ಲಿ ಅವರೂ ಇನ್ನೊಬ್ಬ ಸಹೋದ್ಯೋಗಿಯೂ ಸೇರಿ ಇಬ್ಬರೇ, ವಾರಕ್ಕೆ ಸುಮಾರು 60 ಭೇಟಿಗಳು. ಅವರ ಕಾಲೇಜು ಗೆಳತಿ ಕಟ್ಟಿರುವ ಸಾಫ್ಟ್‌ವೇರ್, ರೋಗಿಗಳಿಗೆ ಹಿಂದಿನ ದಿನವೇ ನೆನಪೋಲೆ ಕಳುಹಿಸುತ್ತದೆ. ಬರಲಾಗದವರು ಅಲ್ಲಿಯೇ ಬೇರೆ ಸಮಯ ಆರಿಸಿಕೊಳ್ಳಬಹುದು. ಬಿಡುಗಡೆಗೆ ಮುಂಚಿನಿಂದಲೂ ಇವರು ಅದನ್ನು ಬಳಸುತ್ತಿದ್ದಾರೆ.

ಬರೆಯಲು ಕುಳಿತ ತಕ್ಷಣ ಇವರ ಮನಸ್ಸಿಗೆ ಬಂದ ವಾಕ್ಯ: "ಈಗ ನಮ್ಮಲ್ಲಿ ಯಾರೂ ಭೇಟಿ ತಪ್ಪಿಸುವುದೇ ಇಲ್ಲ." ಇದು ಸುಳ್ಳು ಹೇಳುವ ಉದ್ದೇಶದಿಂದ ಬಂದದ್ದಲ್ಲ. ಕಿರಿಕಿರಿ ಕಡಿಮೆಯಾದಾಗ ಅದು ಪೂರ್ತಿ ಹೋಯಿತೆಂದೇ ಅನಿಸುತ್ತದೆ. ಅಪರಿಚಿತರು ಮಾತ್ರ ಈ ವಾಕ್ಯವನ್ನು ನಂಬುವುದಿಲ್ಲ, ಏಕೆಂದರೆ ಭೇಟಿ ತಪ್ಪಿಸುವವರೇ ಇಲ್ಲದ ಚಿಕಿತ್ಸಾಲಯವನ್ನು ಅವರು ಕಂಡಿಲ್ಲ.

ಆದ್ದರಿಂದ ರಿಜಿಸ್ಟರ್ ತೆರೆಯಬೇಕು. ಸಾಫ್ಟ್‌ವೇರ್ ಬರುವ ಮುಂಚಿನ ಎಂಟು ವಾರಗಳಲ್ಲಿ ಒಟ್ಟು 480 ಭೇಟಿಗಳು ನಿಗದಿಯಾಗಿದ್ದವು. ಅವುಗಳಲ್ಲಿ 52ಕ್ಕೆ ಜನ ಹೇಳದೆ ಕೇಳದೆ ಬಂದಿರಲಿಲ್ಲ. ಬಂದ ನಂತರದ ಎಂಟು ವಾರಗಳನ್ನು ಎಣಿಸುವಾಗ ಒಂದು ಅಂಶ ಗಮನಕ್ಕೆ ಬರುತ್ತದೆ. ಹೊಸ ವ್ಯವಸ್ಥೆಯ ಮೇಲೆ ಇನ್ನೂ ಭರವಸೆ ಹುಟ್ಟದಿದ್ದ ಕಾರಣ, ಮೊದಲ ಎರಡು ವಾರ ಇವರು ನೆನಪೋಲೆಯ ಜೊತೆಗೆ ಫೋನನ್ನೂ ಮಾಡಿದ್ದರು. ಆ ಎರಡು ವಾರಗಳ ಫಲ ಯಾವುದರಿಂದ ಬಂತೆಂದು ಹೇಳಲಾಗದು. ಅವನ್ನು ಬಿಟ್ಟು ಮೂರನೆಯ ವಾರದಿಂದ ಎಂಟು ವಾರ ಎಣಿಸಿದರೆ 496 ಭೇಟಿಗಳು, ತಪ್ಪಿದವು 31. ವಾರದ ಲೆಕ್ಕದಲ್ಲಿ ಹೇಳುವುದಾದರೆ, ಆರೇಳು ಇದ್ದದ್ದು ನಾಲ್ಕರ ಆಸುಪಾಸಿಗೆ ಇಳಿದಿದೆ.

"ಯಾರೂ ತಪ್ಪಿಸುವುದಿಲ್ಲ" ಎಂಬುದರ ಮುಂದೆ ಈ ಸಂಖ್ಯೆ ಸಪ್ಪೆಯಾಗಿ ಕಾಣಬಹುದು. ಆದರೆ ಇನ್ನೊಂದು ಚಿಕಿತ್ಸಾಲಯ ನಡೆಸುವವರಿಗೆ ಇದರಲ್ಲಿ ಲೆಕ್ಕ ಹಾಕಲು ಏನೋ ಸಿಗುತ್ತದೆ: ವಾರಕ್ಕೆ ಎರಡು ಮೂರು ಖಾಲಿ ಹೋಗುತ್ತಿದ್ದ ವೇಳೆ ಉಳಿದರೆ ತಿಂಗಳ ಶುಲ್ಕ ಗಿಟ್ಟುತ್ತದೆಯೇ ಎಂದು ಅವರೇ ನೋಡಿಕೊಳ್ಳಬಲ್ಲರು.

ಸಂಖ್ಯೆ ಸಿಕ್ಕ ಮೇಲೆ ಅದನ್ನು ಒಮ್ಮೆ ಅನುಮಾನದಿಂದ ನೋಡಬೇಕು. ಅದೇ ಸಮಯದಲ್ಲಿ ಬೇರೇನಾದರೂ ಬದಲಾಗಿತ್ತೇ? ಉದಾಹರಣೆಗೆ, ತಪ್ಪಿಸಿದ ಭೇಟಿಗೂ ಹಣ ಪಡೆಯುವ ನಿಯಮವನ್ನು ಆಗಲೇ ತಂದಿದ್ದರೆ ಇಳಿಕೆಯ ಯಶಸ್ಸೆಲ್ಲ ಸಾಫ್ಟ್‌ವೇರ್‌ಗೆ ಸೇರುವುದಿಲ್ಲ. ಒಂದು ಅವಧಿಯಲ್ಲಿ ದೀರ್ಘ ರಜೆಗಳಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಲಿಕೆಯೇ ನಿಲ್ಲುವುದಿಲ್ಲ. ನಮ್ಮ ಉದಾಹರಣೆಯವರಿಗೆ ಅಂಥದ್ದೇನೂ ಕಾಣಲಿಲ್ಲ, ಹಾಗಾಗಿ ಸಂಖ್ಯೆಯನ್ನು ಬಳಸಬಹುದು. ಆಗಲೂ "ಶೇಕಡಾ 42ರಷ್ಟು ಇಳಿಕೆ" ಎಂದು ಬರೆಯಬಾರದೆಂಬುದು ನನ್ನ ಅಭಿಪ್ರಾಯ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಒಂದೇ ಚಿಕಿತ್ಸಾಲಯದ ಕೆಲವು ವಾರಗಳ ಅಂಕಿಗೆ ಅಷ್ಟು ನಿಖರತೆಯ ಗತ್ತು ಒಪ್ಪುವುದಿಲ್ಲ. ಅದು ಜಾಹೀರಾತಿನ ಭಾಷೆಯಂತೆಯೂ ಕೇಳುತ್ತದೆ. "ವಾರಕ್ಕೆ ಆರೇಳು ಇದ್ದದ್ದು ಈಗ ನಾಲ್ಕರ ಆಸುಪಾಸು" ಎಂಬುದು ಕೆಲಸ ಮಾಡುವವರ ಮಾತು.

ದಾಖಲೆಯೇ ಇಲ್ಲದ ಬದಲಾವಣೆಗಳೂ ಇರುತ್ತವೆ. ಸಂಜೆ ಫೋನ್ ಮಾಡಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದು ಯಾರೂ ಬರೆದಿಟ್ಟಿರುವುದಿಲ್ಲ. ಅಂಥಲ್ಲಿ ಸಂಖ್ಯೆ ಹುಟ್ಟಿಸುವ ಬದಲು ಏನು ನಡೆಯುತ್ತಿತ್ತೋ ಅದನ್ನೇ ಹೇಳಿದರಾಯಿತು: ಪ್ರತಿ ಸಂಜೆ ಕುಳಿತು ಮರುದಿನದವರಿಗೆಲ್ಲ ಫೋನ್ ಮಾಡುತ್ತಿದ್ದೆ, ಈಗ ಸಂದೇಶ ಓದದ ಕೆಲವು ಹಿರಿಯರಿಗೆ ಮಾತ್ರ ಮಾಡುತ್ತೇನೆ.

ಮೊದಲ ವಾಕ್ಯದಲ್ಲಿಯೇ ನಂಟನ್ನು ಹೇಳಿ

ಹೆಚ್ಚಿನವರು ಹಿಂಜರಿಯುವುದು ಇಲ್ಲಿಯೇ. ಗೆಳತಿ ಎಂದರೆ ಮಾತಿನ ತೂಕ ಇಳಿಯುತ್ತದೆ ಎಂಬ ಭಯ. ಸ್ವಲ್ಪ ಇಳಿಯುವುದು ನಿಜ. ಆದರೆ ಹೇಳದೆ ಬಿಟ್ಟು, ನಂತರ ಯಾರೋ ಇಬ್ಬರ ಹಳೆಯ ಫೋಟೊ ಕಂಡು ಕೇಳಿದರೆ ಉಳಿಯುವುದು ಸೊನ್ನೆ. ಜೊತೆಗೆ ಅಲ್ಲಿ ಬರೆದ ಉಳಿದ ಗ್ರಾಹಕರ ಮಾತಿನ ಮೇಲೂ ಸಂಶಯ ಬೀಳುತ್ತದೆ.

ಇದು ಬರೀ ಸಭ್ಯತೆಯ ಮಾತಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ತನ್ನ ಮಾರ್ಗಸೂಚಿಯಲ್ಲಿ, ಓದುಗರು ಊಹಿಸಿರಲಾರದ ನಂಟು ಇದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಎನ್ನುತ್ತದೆ. ಆ ನಂಟು ಹಣದ್ದಾಗಿರಬಹುದು, ಉಚಿತ ಉತ್ಪನ್ನದ್ದಾಗಿರಬಹುದು, ಕುಟುಂಬದ್ದೋ ಆಪ್ತತೆಯದ್ದೋ ಆಗಿರಬಹುದು. ನಕಲಿ ಅಭಿಪ್ರಾಯಗಳನ್ನು ನಿಷೇಧಿಸುವ ಅದರ ಪ್ರತ್ಯೇಕ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು. ದಾರಿತಪ್ಪಿಸುವ ಜಾಹೀರಾತುಗಳ ಕುರಿತು ಭಾರತದಲ್ಲಿ 2022ರಲ್ಲಿ ಬಂದ ಮಾರ್ಗಸೂಚಿಯೂ ಇಂಥ ನಂಟನ್ನು ತಿಳಿಸಬೇಕೆನ್ನುತ್ತದೆ. ಗೆಳತಿಗಾಗಿ ನಾಲ್ಕು ಸಾಲು ಬರೆದವರ ಬಾಗಿಲಿಗೆ ಯಾರೂ ಬಂದು ನಿಲ್ಲಲಾರರು. ಆದರೆ ಆ ಸಾಲುಗಳನ್ನು ಕಂಪನಿ ತನ್ನ ಪ್ರಚಾರಕ್ಕೆ ಎತ್ತಿಕೊಂಡ ಕ್ಷಣದಿಂದ ಅದು ಕಂಪನಿಯ ಹೊಣೆಯಾಗುತ್ತದೆ. ಹೊಸ ಉದ್ಯಮಕ್ಕೆ ಅಂಥ ತಲೆನೋವು ತಂದಿಡುವುದು ಸ್ನೇಹವಲ್ಲ.

ಹೇಳಬೇಕಾದದ್ದು ಮೂರು: ಪರಿಚಯ ಹೇಗೆ, ಹಣ ಕೊಟ್ಟಿದ್ದೀರಾ ಇಲ್ಲವೇ, ಬೇರೆ ಲಾಭವೇನಾದರೂ ಇದೆಯೇ. ಮೂರನೆಯದನ್ನು ಜನ ಮರೆಯುತ್ತಾರೆ. ಕಂಪನಿಯಲ್ಲಿ ನಿಮ್ಮದೂ ಸ್ವಲ್ಪ ಹಣ ಹೂಡಿಕೆಯಾಗಿದ್ದರೆ, ಷೇರು ಇದ್ದರೆ, ಹೊಸಬರನ್ನು ಕರೆತಂದದ್ದಕ್ಕೆ ನಿಮಗೆ ರಿಯಾಯಿತಿ ಸಿಗುವುದಾದರೆ ಅದನ್ನೂ ಹೇಳಬೇಕು. ಹೂಡಿಕೆ ಇದ್ದರಂತೂ ನನ್ನ ಸಲಹೆ: ಗ್ರಾಹಕರಾಗಿ ಬರೆಯುವುದನ್ನೇ ಬಿಡಿ, ಹೂಡಿಕೆದಾರರಾಗಿ ಬರೆಯಿರಿ.

ಇದಕ್ಕೆಲ್ಲ ಎರಡು ವಾಕ್ಯ ಸಾಕು. "ಇದನ್ನು ಕಟ್ಟಿದವಳು ನನ್ನ ಕಾಲೇಜು ಗೆಳತಿ. ಮೊದಲ ಮೂರು ತಿಂಗಳು ಉಚಿತವಾಗಿ ಬಳಸಿದೆ, ಈಗ ಪೂರ್ತಿ ಶುಲ್ಕ ಕೊಡುತ್ತಿದ್ದೇನೆ." ಎರಡನೆಯ ವಾಕ್ಯದ ಬಲ ನೋಡಿ. ಉಚಿತ ಅವಧಿ ಮುಗಿದ ಮೇಲೂ ಹಣ ಕೊಟ್ಟು ಉಳಿದುಕೊಂಡಿದ್ದಾರೆ ಎಂಬುದಕ್ಕಿಂತ ದೊಡ್ಡ ಶಿಫಾರಸು ಬೇರೆ ಯಾವ ಪದದಲ್ಲಿಯೂ ಇಲ್ಲ. ನಂಟನ್ನು ಮುಚ್ಚಿಟ್ಟಿದ್ದರೆ ಇದನ್ನು ಹೇಳುವ ಅವಕಾಶವೇ ಸಿಗುತ್ತಿರಲಿಲ್ಲ.

ಇದನ್ನು ಕೊನೆಯ ಸಾಲಿಗೆ ತಳ್ಳಬೇಡಿ. ಉದ್ದದ ಬರಹ ಮಡಚಿಕೊಂಡಾಗ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತದೆ, ಉಳಿದದ್ದನ್ನು ತೆರೆದು ಓದುವವರು ಕಡಿಮೆ.

ನಡುಭಾಗ: ಹಿಂದೆ ಹೇಗಿತ್ತು, ಈಗ ಹೇಗಿದೆ

ಇಲ್ಲಿ ಒಂದೇ ಬದಲಾವಣೆಯನ್ನು ಆರಿಸಿಕೊಳ್ಳಬೇಕು. ಸಾಫ್ಟ್‌ವೇರ್ ರಸೀದಿಯನ್ನೂ ಮಾಡಿಕೊಡಬಹುದು, ವರದಿಯನ್ನೂ ಕೊಡಬಹುದು. ಎಲ್ಲವನ್ನೂ ಸೇರಿಸಿದರೆ ಅದು ಕಂಪನಿಯ ಕರಪತ್ರವಾಗುತ್ತದೆ, ಆ ಕರಪತ್ರವನ್ನು ಪ್ರಕಟಣೆಯಲ್ಲಿ ಅವರೇ ಬರೆದಾಗಿದೆ. ನಿಮಗಷ್ಟೇ ಗೊತ್ತಿರುವುದು ನಿಮ್ಮ ಕೆಲಸದಲ್ಲಿ ಆದ ಬದಲಾವಣೆ. ಅದಕ್ಕೆ ಮುನ್ನ, ನೀವು ಯಾರು ಎಂಬುದನ್ನು ಓದುಗರು ತಮ್ಮನ್ನು ಹೋಲಿಸಿಕೊಳ್ಳುವಷ್ಟು ಹೇಳಿ: ಯಾವ ಕೆಲಸ, ಎಷ್ಟು ದೊಡ್ಡದು. "ಇಬ್ಬರು ಫಿಸಿಯೋಥೆರಪಿಸ್ಟ್‌ಗಳ ಚಿಕಿತ್ಸಾಲಯ, ವಾರಕ್ಕೆ ಸುಮಾರು 60 ಭೇಟಿ" ಎಂದರೆ ಐವತ್ತು ವೈದ್ಯರ ಆಸ್ಪತ್ರೆಯವರು ಇದು ತಮಗಲ್ಲವೆಂದು ತಿಳಿದುಕೊಳ್ಳುತ್ತಾರೆ. ಅದೂ ಉಪಕಾರವೇ.

ವಿಶೇಷಣಗಳ ಬಗ್ಗೆ ಒಂದು ಪರೀಕ್ಷೆ ಇದೆ. ಬರೆದ ವಾಕ್ಯದಲ್ಲಿ ಉತ್ಪನ್ನದ ಹೆಸರನ್ನು ತೆಗೆದು ಇನ್ನಾವುದೋ ಉತ್ಪನ್ನದ ಹೆಸರು ಹಾಕಿ ನೋಡಿ. "ಬಳಸಲು ಬಹಳ ಸುಲಭ, ನಮ್ಮ ಸಮಯ ಉಳಿಸಿದೆ" ಎಂಬುದು ಯಾವುದಕ್ಕೂ ಹೊಂದುತ್ತದೆ, ಹಾಗಾಗಿ ಹೊಡೆದುಹಾಕಿ. "ಬರಲಾಗದವರು ಈಗ ತಾವೇ ಬೇರೆ ಸಮಯ ಆರಿಸಿಕೊಳ್ಳುತ್ತಾರೆ" ಎಂಬುದು ಎಲ್ಲದಕ್ಕೂ ಹೊಂದದು, ಉಳಿಸಿಕೊಳ್ಳಿ.

ಒಂದು ಗಡಿಯನ್ನು ಮಾತ್ರ ದಾಟಬಾರದು. ಉದಾಹರಣೆ ಕೊಡುವ ಹುಮ್ಮಸ್ಸಿನಲ್ಲಿ ನಿಮ್ಮ ಗ್ರಾಹಕರ, ರೋಗಿಗಳ ವಿಷಯ ಹೊರಬೀಳಬಾರದು. ಹೆಸರು ಹೇಳದಿದ್ದರೂ "ಮೊಣಕಾಲು ಶಸ್ತ್ರಚಿಕಿತ್ಸೆಯಾದ ನಿವೃತ್ತ ಪ್ರಾಂಶುಪಾಲರು" ಎಂದರೆ ಪರಿಚಿತರಿಗೆ ಸುಳಿವು ಸಾಕು.

ಕೊರತೆಯನ್ನು ಹೇಳುವ ಬಗೆ

ಸಣ್ಣ ಕೊರತೆಯೊಂದನ್ನು ಹೇಳಿದರೆ ಸ್ನೇಹಿತರಿಗೆ ನಷ್ಟವಾಗುತ್ತದೆಯೇ? ಡ್ಯಾನಿಟ್ ಐನ್-ಗಾರ್, ಬಾಬಾ ಶಿವ್ ಮತ್ತು ಝಕಾರಿ ಟೋರ್ಮಲಾ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತ್ತು. ಒಳ್ಳೆಯ ಅಂಶಗಳ ನಂತರ ಒಂದು ಚಿಕ್ಕ ಕೊರತೆಯೂ ಕಂಡಾಗ, ಹೆಚ್ಚು ತಲೆಕೆಡಿಸಿಕೊಳ್ಳದೆ ಓದುವವರ ಒಲವು ಹೆಚ್ಚಿತು ಎಂಬುದು ಅದರ ಫಲಿತಾಂಶ. ಕೊರತೆ ಮೊದಲು ಬಂದರೆ ಈ ಪರಿಣಾಮ ಇರಲಿಲ್ಲ. ಆದ್ದರಿಂದ ಕ್ರಮದ ಮಟ್ಟಿಗೆ ಉತ್ತರ ಸಿಕ್ಕಿತು: ಮೊದಲು ಆದ ಪ್ರಯೋಜನ, ಆಮೇಲೆ ಕೊರತೆ.

ಆದರೆ ಇದನ್ನು ಉಪಾಯವಾಗಿ ಬಳಸತೊಡಗಿದರೆ ಪ್ರಾಮಾಣಿಕತೆಯೇ ಹೋಗುತ್ತದೆ. "ಒಂದೇ ದೂರು, ಇದು ಮೊದಲೇ ಬರಬೇಕಿತ್ತು" ಎಂಬಂಥ ಹುಸಿ ದೂರನ್ನು ಎಲ್ಲರೂ ಕಂಡಿದ್ದಾರೆ. ಕೊರತೆಯನ್ನು ಆರಿಸುವಾಗ ಕೇಳಿಕೊಳ್ಳಬೇಕಾದದ್ದು ಇಷ್ಟೇ: ನನ್ನ ಮಾತು ನಂಬಿ ಹಣ ಕೊಟ್ಟವರಿಗೆ ಮೊದಲ ತಿಂಗಳಲ್ಲಿ ಯಾವುದು ಎಡವುಗಲ್ಲಾಗುತ್ತದೆ? ಫಿಸಿಯೋಥೆರಪಿಯಲ್ಲಿ ಒಬ್ಬರಿಗೆ ಹತ್ತು ಭೇಟಿಗಳ ಸರಣಿಯನ್ನು ಒಟ್ಟಿಗೆ ನಿಗದಿಪಡಿಸುವುದು ಸಾಮಾನ್ಯ. ಈ ಸಾಫ್ಟ್‌ವೇರ್‌ನಲ್ಲಿ ಸರಣಿಯ ವಾರ ಬದಲಾದರೆ ಹತ್ತನ್ನೂ ಒಂದೊಂದಾಗಿ ತಿದ್ದಬೇಕು. ಅದೇ ಕೆಲಸದವರು ತಕ್ಷಣ ತಡವರಿಸುವ ಜಾಗ ಅದು, ಆದ್ದರಿಂದ ಹೇಳಬೇಕಾದದ್ದೂ ಅದೇ. ಪರದೆಯ ಬಣ್ಣ ಇಷ್ಟವಾಗಲಿಲ್ಲ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ.

ಬರೆಯುವ ಮೊದಲು ಅದನ್ನು ಗೆಳತಿಗೆ ತಿಳಿಸಿ. ಅನುಮತಿಗಾಗಿ ಅಲ್ಲ, ವಿಷಯ ಇನ್ನೂ ನಿಜವೇ ಎಂದು ತಿಳಿಯಲು. "ಹೋದ ವಾರವೇ ಸರಿಪಡಿಸಿದೆವು" ಎಂದರೆ ಒಮ್ಮೆ ಬಳಸಿ ನೋಡಿ, ಸರಿಯಾಗಿದ್ದರೆ ಕೈಬಿಡಿ. "ಮುಂದಿನ ತಿಂಗಳು ಮಾಡುತ್ತೇವೆ" ಎಂದರೆ ಕೊರತೆ ಇಂದಿಗೂ ಇದೆ ಎಂದೇ ಅರ್ಥ. ಅವರ ಭರವಸೆಯನ್ನು ನಿಮ್ಮ ಬಾಯಿಂದ ಕೊಡಬೇಡಿ, ಅದನ್ನು ಅವರೇ ಅಲ್ಲಿ ಉತ್ತರವಾಗಿ ಬರೆಯಲಿ. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣಿಸುವಂಥ ಸುರಕ್ಷತೆಯ ದೋಷ ಕಂಡಿದ್ದರೆ ಮಾತ್ರ ದಾರಿ ಬೇರೆ. ಅದನ್ನು ಖಾಸಗಿಯಾಗಿ, ತಕ್ಷಣ ತಿಳಿಸಬೇಕು, ಮತ್ತು ಅದು ಸರಿಹೋಗುವವರೆಗೆ ಶಿಫಾರಸಿನ ಮಾತನ್ನೇ ತಡೆಹಿಡಿಯಬೇಕು.

ಒಟ್ಟು ಸೇರಿಸಿದಾಗ

ಫಿಸಿಯೋಥೆರಪಿಸ್ಟ್ ಅವರ ಮೊದಲ ಕರಡು ಹೀಗಿತ್ತು:

"ಅಭಿನಂದನೆಗಳು ಗೆಳತಿ! ನಿನ್ನ ಶ್ರಮಕ್ಕೆ ತಕ್ಕ ಫಲ. ನಮ್ಮ ಚಿಕಿತ್ಸಾಲಯದ ಕೆಲಸದ ರೀತಿಯನ್ನೇ ಬದಲಿಸಿದ ಉತ್ಪನ್ನ. ಈಗ ಯಾರೂ ಭೇಟಿ ತಪ್ಪಿಸುವುದೇ ಇಲ್ಲ. ಎಲ್ಲ ವೈದ್ಯರೂ ಬಳಸಲೇಬೇಕು!"

ತಿದ್ದಿದ ಮೇಲೆ:

"ಇದನ್ನು ಕಟ್ಟಿದವಳು ನನ್ನ ಕಾಲೇಜು ಗೆಳತಿ. ಮೊದಲ ಮೂರು ತಿಂಗಳು ಉಚಿತವಾಗಿ ಬಳಸಿದೆ, ಈಗ ಪೂರ್ತಿ ಶುಲ್ಕ ಕೊಡುತ್ತಿದ್ದೇನೆ. ನಮ್ಮದು ಇಬ್ಬರು ಫಿಸಿಯೋಥೆರಪಿಸ್ಟ್‌ಗಳ ಚಿಕಿತ್ಸಾಲಯ, ವಾರಕ್ಕೆ ಸುಮಾರು 60 ಭೇಟಿ. ಹಿಂದೆ ಪ್ರತಿ ಸಂಜೆ ಕುಳಿತು ಮರುದಿನದವರಿಗೆಲ್ಲ ಫೋನ್ ಮಾಡುತ್ತಿದ್ದೆ, ಆದರೂ ವಾರಕ್ಕೆ ಆರೇಳು ಮಂದಿ ಹೇಳದೆ ತಪ್ಪಿಸುತ್ತಿದ್ದರು. ಈಗ ಅದು ನಾಲ್ಕರ ಆಸುಪಾಸು. ಫೋನ್ ಮಾಡುವುದು ಸಂದೇಶ ಓದದ ಕೆಲವು ಹಿರಿಯರಿಗೆ ಮಾತ್ರ. ಒಂದು ಕೊರತೆ: ಹತ್ತು ಭೇಟಿಗಳ ಸರಣಿಯ ವಾರ ಬದಲಾದರೆ ಒಂದೊಂದನ್ನೂ ಬೇರೆಯಾಗಿ ತಿದ್ದಬೇಕು. ಒಂದಕ್ಕಿಂತ ಹೆಚ್ಚು ಶಾಖೆ ಇರುವವರಿಗೆ ಇದು ಹೇಗೆ ಹೊಂದುತ್ತದೆ ಎಂದು ನಾನು ಹೇಳಲಾರೆ."

ಎರಡನೆಯದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. "ಎಲ್ಲರೂ ಬಳಸಲೇಬೇಕು" ಎಂಬ ಆಜ್ಞೆಯೂ ಇಲ್ಲ. ಕೊನೆಯ ವಾಕ್ಯ ತನ್ನ ಅನುಭವದ ಗಡಿಯನ್ನು ತಾನೇ ಗುರುತಿಸಿಕೊಂಡಿದೆ, ಅದರಿಂದಾಗಿ ಗಡಿಯೊಳಗಿನ ಮಾತು ಗಟ್ಟಿಯಾಗಿದೆ. ಇದಕ್ಕಿಂತ ಉದ್ದವಾಗಬೇಕಿಲ್ಲ. ಚಿಕ್ಕದು ಮಾಡಲೇಬೇಕಾದರೆ ಹಿರಿಯರಿಗೆ ಫೋನ್ ಮಾಡುವ ವಾಕ್ಯ ಬಿಡಬಹುದು, ಗೆಳೆತನದ ವಾಕ್ಯವನ್ನೂ ಕೊರತೆಯ ವಾಕ್ಯವನ್ನೂ ಬಿಡಬಾರದು.

ಗೆಳತಿ ತಿದ್ದಲು ಕೇಳಿದರೆ

ಕೇಳಬಹುದು, ಅದರಲ್ಲಿ ದುರುದ್ದೇಶವಿರಬೇಕಿಲ್ಲ. ಶುಲ್ಕದ ವಿವರ ತಪ್ಪಿದ್ದರೆ, ಸೌಲಭ್ಯದ ಹೆಸರು ತಪ್ಪಿದ್ದರೆ ಸರಿಪಡಿಸಿ. "ಆ ಕೊರತೆಯ ಸಾಲು ತೆಗೆದುಬಿಡುತ್ತೀಯಾ?" ಎಂದರೆ ಮೃದುವಾಗಿ ನಿರಾಕರಿಸಿ: "ಅದು ಇರಲಿ, ಅದಕ್ಕೆ ನೀನು ಅಲ್ಲಿಯೇ ಉತ್ತರ ಕೊಡು. ಕೊರತೆಯನ್ನು ಒಪ್ಪಿಕೊಂಡು ಉತ್ತರಿಸುವವರನ್ನು ಕಂಡರೆ ಜನ ನಂಬುತ್ತಾರೆ." ಅವರೇ ಬರೆದುಕೊಟ್ಟ ಸಾಲುಗಳನ್ನು ನಿಮ್ಮ ಹೆಸರಿನಲ್ಲಿ ಹಾಕುವುದು ಬೇಡ. ಒಂದೇ ಕೈ ಬರೆದ ಐದು ಗ್ರಾಹಕರ ಮಾತು ಒಂದೇ ಧಾಟಿಯಲ್ಲಿ ಕೇಳಿಸುತ್ತದೆ.

ಈ ಸಾಲುಗಳನ್ನು ಮುಂದೆ ಕಂಪನಿಯ ಪುಟದಲ್ಲೋ ಕರಪತ್ರದಲ್ಲೋ ಬಳಸಿಕೊಳ್ಳಬಹುದೇ ಎಂದೂ ಕೇಳಿಯಾರು. ಒಪ್ಪುವುದಾದರೆ ಎರಡು ಷರತ್ತು ಇಡಿ: ಗೆಳತಿ ಎಂಬ ಮಾತನ್ನು ಕತ್ತರಿಸಬಾರದು, ಮತ್ತು ಬರೆದ ತಿಂಗಳು, ವರ್ಷ ಜೊತೆಗಿರಬೇಕು. ಹೊಸ ಉತ್ಪನ್ನಗಳು ಬೇಗ ಬದಲಾಗುತ್ತವೆ. ಎರಡು ವರ್ಷದ ಹಿಂದಿನ ಮಾತು ಇಂದಿನದಂತೆ ಕಂಡರೆ ಓದುಗರಿಗೂ ದಾರಿ ತಪ್ಪುತ್ತದೆ, ನಿಮಗೂ ಮುಜುಗರ.

ಬರೆದ ಮೇಲೆ

ಮೊದಲ ಒಂದೆರಡು ದಿನ ಆ ಕಡೆ ಕಣ್ಣಿಟ್ಟಿರಿ. ಸಂಖ್ಯೆ ಕೊಟ್ಟವರನ್ನು ಜನ ಪ್ರಶ್ನೆ ಕೇಳುತ್ತಾರೆ: ಎಷ್ಟು ವಾರದ ಲೆಕ್ಕ, ಹಳೆಯ ರಿಜಿಸ್ಟರ್‌ನ ವಿವರ ಒಳಗೆ ಸೇರಿಸಲು ಕಷ್ಟವಾಯಿತೇ, ನಡುವೆ ಎಂದಾದರೂ ಕೈಕೊಟ್ಟಿತೇ. ನಿಮಗೆ ಆದದ್ದನ್ನಷ್ಟೇ ಹೇಳಿ. ಶುಲ್ಕ, ಮಾಹಿತಿಯ ಸುರಕ್ಷತೆ, ಮುಂದಿನ ಯೋಜನೆಗಳ ಪ್ರಶ್ನೆ ಬಂದರೆ ಗೆಳತಿಯ ಕಡೆ ಕೈತೋರಿಸಿ. ನೀವು ಉತ್ತರಿಸತೊಡಗಿದರೆ ಓದುವವರ ಕಣ್ಣಿಗೆ ಕಂಪನಿಯವರಂತೆಯೇ ಕಾಣುತ್ತೀರಿ. ಉತ್ಪನ್ನವನ್ನು ಟೀಕಿಸಿದವರ ಜೊತೆ ವಾದಕ್ಕೂ ಇಳಿಯಬೇಡಿ. ಅವರ ಅನುಭವ ಬೇರೆಯಾಗಿದ್ದರೆ ಅದು ಅವರ ಅನುಭವ.

ಕೊರತೆ ಸರಿಹೋದ ದಿನ ಹಳೆಯ ಸಾಲನ್ನು ಅಳಿಸದೆ ಕೆಳಗೆ ದಿನಾಂಕ ಹಾಕಿ ಒಂದು ಸಾಲು ಸೇರಿಸಿ: "ಸರಣಿಯನ್ನು ಈಗ ಒಟ್ಟಿಗೆ ಬದಲಿಸಬಹುದು, ಬಳಸಿ ನೋಡಿದೆ." ಬಳಸುವುದನ್ನು ನಿಲ್ಲಿಸಿದರೂ ಹಾಗೆಯೇ: "ಈ ತಿಂಗಳಿಂದ ನಾವು ಬಳಸುತ್ತಿಲ್ಲ. ಎರಡನೆಯ ಶಾಖೆ ತೆರೆದೆವು, ಅದಕ್ಕೆ ಇದು ಹೊಂದಲಿಲ್ಲ." ಈ ಸಾಲನ್ನು ಸೇರಿಸುವ ಮೊದಲು ಮಾತ್ರ ಗೆಳತಿಗೊಂದು ಫೋನ್ ಮಾಡಿ, ಅವಳು ಅದನ್ನು ಎಲ್ಲರ ಜೊತೆ ಅಲ್ಲಿಯೇ ಮೊದಲ ಬಾರಿಗೆ ಓದುವಂತಾಗಬಾರದು.